245 ರೂಪಾಯಿಯ ಷೇರು 225ಕ್ಕೆ ಇಳಿದಾಗ ನಷ್ಟವಾಯಿತೇ?

(ಹೂಡಿಕೆದಾರರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಷೇರಿನಿಂದ ಮಾತು ಶುರು ಮಾಡೋಣ. 2010ರ ನವೆಂಬರಿನಲ್ಲಿ ಕೋಲ್ ಇಂಡಿಯಾ ಷೇರುಪೇಟೆಗೆ ಬಂತು. ಸಾರ್ವಜನಿಕರಿಗೆ ಕೊಟ್ಟ ಬೆಲೆ 245 ರೂಪಾಯಿ. ಹನ್ನೆರಡು ವರ್ಷ ಕಳೆದು, 2022ರ ಕೊನೆಯಲ್ಲಿ ಅದೇ ಷೇರು ಸುಮಾರು 225 ರೂಪಾಯಿಗೆ ಮಾರಾಟವಾಗುತ್ತಿತ್ತು. ಮೊಬೈಲಿನಲ್ಲಿ ಬೆಲೆಯ ಗೆರೆ ನೋಡಿದವರಿಗೆ ಕಾಣುವುದು ಶೇ. 8ರಷ್ಟು ನಷ್ಟ. ಆದರೆ ಆ ಹನ್ನೆರಡು ವರ್ಷಗಳಲ್ಲಿ ಕಂಪನಿ ಪ್ರತಿ ಷೇರಿಗೆ ಕೊಟ್ಟ ಡಿವಿಡೆಂಡನ್ನು, ಅಂದರೆ ಲಾಭದ ಪಾಲನ್ನು, ಕೂಡಿಸಿದರೆ 210 ರೂಪಾಯಿಯ ಆಸುಪಾಸು ಆಗುತ್ತದೆ. 245 ಹಾಕಿದವರ ಕೈಗೆ 210 ಬಂದಿದೆ, ಮೇಲೆ 225 ರೂಪಾಯಿ ಬಾಳುವ ಷೇರು ಇನ್ನೂ ಖಾತೆಯಲ್ಲಿದೆ. ಬೆಲೆಯ ಗೆರೆ ಈ 210 ರೂಪಾಯಿಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಹಾಗಾದರೆ ಇದು ಒಳ್ಳೆಯ ಹೂಡಿಕೆಯೇ? ಅವಸರ ಬೇಡ. ಅದನ್ನು ಹೇಳಲು ಬೆಲೆಯೊಂದೇ ಸಾಲದು, ಡಿವಿಡೆಂಡ್ ಒಂದೇ ಕೂಡ ಸಾಲದು. ಎರಡನ್ನೂ ಸೇರಿಸಿ ಅಳೆಯಬೇಕು. ಹಾಗೆ ಅಳೆದದ್ದಕ್ಕೆ ಟೋಟಲ್ ರಿಟರ್ನ್, ಒಟ್ಟು ಪ್ರತಿಫಲ ಎನ್ನುತ್ತಾರೆ. ಕೇಳಲು ಸರಳವಾದ ಈ ಲೆಕ್ಕದಲ್ಲಿ ಎಡವುವ ಜಾಗಗಳು ಹಲವಿವೆ.

ಡಿವಿಡೆಂಡ್ ಬಂದ ದಿನ ಬೆಲೆಗೆ ಏನಾಗುತ್ತದೆ

ಕಂಪನಿಯ ಬೊಕ್ಕಸದಲ್ಲಿರುವ ಹಣವೂ ಷೇರಿನ ಬೆಲೆಯ ಒಂದು ಭಾಗ. ಷೇರಿಗೆ 10 ರೂಪಾಯಿಯಂತೆ ಹಂಚಿದಾಗ ಅಷ್ಟು ಹಣ ಬೊಕ್ಕಸದಿಂದ ಹೊರಟು ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಹೀಗಾಗಿ ಎಕ್ಸ್-ಡೇಟ್ ದಿನ, ಅಂದರೆ ಅಂದು ಕೊಂಡವರಿಗೆ ಈ ಡಿವಿಡೆಂಡ್ ಸಿಗುವುದಿಲ್ಲ ಎಂಬ ದಿನ, ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿದು ತೆರೆದುಕೊಳ್ಳುತ್ತದೆ. 200 ರೂಪಾಯಿಯ ಷೇರು 10 ರೂಪಾಯಿ ಕೊಟ್ಟರೆ 190ಕ್ಕೆ. ಆ ದಿನ ಪೇಟೆಯೇ ಏರುತ್ತಿದ್ದರೆ ಅಥವಾ ಬೀಳುತ್ತಿದ್ದರೆ ಈ ಇಳಿಕೆ ಅದರೊಳಗೆ ಕರಗಿಹೋಗಿ ಕಾಣದಿರಬಹುದು, ಆದರೆ ಆಗುವುದಂತೂ ಆಗುತ್ತದೆ.

ನಮ್ಮಲ್ಲಿ ವ್ಯವಹಾರ ಮರುದಿನವೇ ಚುಕ್ತಾ ಆಗುವ ಪದ್ಧತಿ 2023ರ ಜನವರಿಯಲ್ಲಿ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಎಕ್ಸ್-ಡೇಟ್ ಮತ್ತು ರೆಕಾರ್ಡ್ ಡೇಟ್, ಅಂದರೆ ಡಿವಿಡೆಂಡ್ ಯಾರಿಗೆ ಎಂದು ಕಂಪನಿ ಷೇರುದಾರರ ಪಟ್ಟಿ ನೋಡುವ ದಿನ, ಸಾಮಾನ್ಯವಾಗಿ ಒಂದೇ. ಡಿವಿಡೆಂಡ್ ಬೇಕಿದ್ದರೆ ಅದರ ಹಿಂದಿನ ವಹಿವಾಟಿನ ದಿನವಾದರೂ ಕೊಂಡಿರಬೇಕು. ಇದನ್ನು ತಿಳಿದ ಕೆಲವರು ಹಿಂದಿನ ದಿನ ಕೊಂಡು ಮಾರನೆಯ ದಿನ ಮಾರಿದರೆ 10 ರೂಪಾಯಿ ಪುಕ್ಕಟೆ ಎಂದುಕೊಳ್ಳುತ್ತಾರೆ. 200ಕ್ಕೆ ಕೊಂಡು 190ಕ್ಕೆ ಮಾರುತ್ತಾರೆ, 10 ರೂಪಾಯಿ ಖಾತೆಗೆ ಬರುತ್ತದೆ, ಆ 10 ರೂಪಾಯಿಗೆ ಆದಾಯ ತೆರಿಗೆ ಕಟ್ಟುತ್ತಾರೆ. ಕೈಯಿಂದ ಹೋದದ್ದೇ ಹೆಚ್ಚು. ಡಿವಿಡೆಂಡ್ ಎಂದರೆ ಬಲಗೈಯಲ್ಲಿದ್ದ ಹಣ ಎಡಗೈಗೆ ಬರುವುದು, ನಡುವೆ ತೆರಿಗೆ ಕಳೆಯುವುದು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಬೆಲೆಯ ಗೆರೆಯ ದೋಷವೂ ಇಲ್ಲೇ ಇದೆ. 190ಕ್ಕೆ ಇಳಿದ ಆ ಹೆಜ್ಜೆಯನ್ನು ಅದು ನಷ್ಟವೆಂದು ಬರೆದುಕೊಳ್ಳುತ್ತದೆ, ಖಾತೆಗೆ ಬಂದ 10 ರೂಪಾಯಿಯನ್ನು ಬರೆದುಕೊಳ್ಳುವುದಿಲ್ಲ. ಪ್ರತಿ ವರ್ಷವೂ ಈ ತಪ್ಪು ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ.

ಮರುಹೂಡಿಕೆಯನ್ನು ಕೈಯಾರೆ ಮಾಡಿ ನೋಡೋಣ

ಒಂದು ಕಾಲ್ಪನಿಕ ಷೇರು ತೆಗೆದುಕೊಳ್ಳೋಣ. ಬೆಲೆ 200 ರೂಪಾಯಿ. ಒಂದು ಲಕ್ಷ ರೂಪಾಯಿಗೆ 500 ಷೇರು. ಮೂರು ವರ್ಷ ಇಟ್ಟುಕೊಳ್ಳುತ್ತೀರಿ, ಬಂದ ಡಿವಿಡೆಂಡಿನಲ್ಲಿ ಅದೇ ಷೇರನ್ನು ಮತ್ತೆ ಕೊಳ್ಳುತ್ತೀರಿ. ದಲ್ಲಾಳಿ ಶುಲ್ಕ, ತೆರಿಗೆ ಸದ್ಯಕ್ಕೆ ಬದಿಗಿರಲಿ.

ಮೊದಲ ವರ್ಷ ಷೇರಿಗೆ 10 ರೂಪಾಯಿ ಡಿವಿಡೆಂಡ್, ಕೊಳ್ಳುವ ದಿನ ಬೆಲೆ 190. ಬಂದದ್ದು 5,000 ರೂಪಾಯಿ. ಭಾಗಿಸಿದರೆ 26.3 ಷೇರು. ನಮ್ಮ ಪೇಟೆಯಲ್ಲಿ ಷೇರಿನ ತುಣುಕು ಸಿಗುವುದಿಲ್ಲ, ಆದ್ದರಿಂದ 26 ಷೇರು ಕೊಂಡು 60 ರೂಪಾಯಿ ಉಳಿಸಿಕೊಳ್ಳುತ್ತೀರಿ. ಈಗ ನಿಮ್ಮಲ್ಲಿ 526 ಷೇರು.

ಎರಡನೆಯ ವರ್ಷ ಪೇಟೆ ಬಿದ್ದಿದೆ, ಬೆಲೆ 160. ಡಿವಿಡೆಂಡ್ ಅದೇ 10 ರೂಪಾಯಿ. 526 ಷೇರಿಗೆ 5,260, ಹಿಂದಿನ 60 ಸೇರಿ 5,320. ಇದಕ್ಕೆ 33 ಷೇರು ಬಂದು 40 ರೂಪಾಯಿ ಉಳಿಯುತ್ತದೆ. ಹೋದ ವರ್ಷಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಹಣ, ಆದರೆ 26ರ ಬದಲು 33 ಷೇರು. ಒಟ್ಟು 559.

ಮೂರನೆಯ ವರ್ಷ ಡಿವಿಡೆಂಡ್ 12 ರೂಪಾಯಿಗೆ ಏರಿದೆ, ಬೆಲೆ ಮರಳಿ 200ಕ್ಕೆ ಬಂದಿದೆ. 559 ಷೇರಿಗೆ 6,708, ಉಳಿದಿದ್ದ 40 ಸೇರಿ 6,748. 33 ಷೇರು ಕೊಂಡು 148 ರೂಪಾಯಿ ಉಳಿಯಿತು. ಕೊನೆಗೆ 592 ಷೇರು, 200ರ ಬೆಲೆಯಲ್ಲಿ 1,18,400 ರೂಪಾಯಿ, ಚಿಲ್ಲರೆ ಸೇರಿ 1,18,548.

ಬೆಲೆ 200ರಲ್ಲಿ ಹೊರಟು 200ಕ್ಕೇ ಬಂದು ನಿಂತಿದೆ. ಬೆಲೆಯ ಲೆಕ್ಕದಲ್ಲಿ ಗಳಿಕೆ ಸೊನ್ನೆ. ನಿಜದ ಗಳಿಕೆ ಶೇ. 18.5. ವರ್ಷದ ಚಕ್ರಬಡ್ಡಿಗೆ ಇಳಿಸಿದರೆ ಶೇ. 5.8. ಡಿವಿಡೆಂಡನ್ನು ಮರುಹೂಡದೆ ಸುಮ್ಮನೆ ಕೂಡಿಟ್ಟಿದ್ದರೆ 16,000 ರೂಪಾಯಿ ಆಗುತ್ತಿತ್ತು, ಅಂದರೆ ಶೇ. 16. ಮಿಕ್ಕ ಎರಡೂವರೆ ಸಾವಿರ ಬಂದದ್ದು ಎರಡು ದಾರಿಯಲ್ಲಿ: ಹೊಸ ಷೇರುಗಳಿಗೂ ಡಿವಿಡೆಂಡ್ ಬಂತು, 160ಕ್ಕೂ 190ಕ್ಕೂ ಕೊಂಡವು 200ಕ್ಕೆ ಏರಿದವು.

ಇಷ್ಟೆಲ್ಲ ಷೇರು ಎಣಿಸುವ ಬದಲು ಇದನ್ನೇ ಒಂದು ಸಾಲಿನಲ್ಲಿ ಮಾಡಬಹುದು. ಪ್ರತಿ ಡಿವಿಡೆಂಡನ್ನೂ ಅಂದಿನ ಬೆಲೆಯಿಂದ ಭಾಗಿಸಿ, ಒಂದು ಕೂಡಿಸಿ, ಬಂದದ್ದನ್ನೆಲ್ಲ ಗುಣಿಸುವುದು. ಕೊನೆಯಲ್ಲಿ ಬೆಲೆಯ ಅನುಪಾತದಿಂದ ಗುಣಿಸುವುದು.

```
(200/200) × (1 + 10/190) × (1 + 10/160) × (1 + 12/200) = 1.1855
```

1.1855 ಅಂದರೆ ಶೇ. 18.55. ಕೈಲೆಕ್ಕಕ್ಕೂ ಇದಕ್ಕೂ ಲಕ್ಷಕ್ಕೆ ಐದು ರೂಪಾಯಿಯ ವ್ಯತ್ಯಾಸ, ಅದು ಷೇರಿನ ತುಣುಕು ಸಿಗದ್ದರಿಂದ ಬಂದದ್ದು. ಸೂಚ್ಯಂಕ ಲೆಕ್ಕ ಹಾಕುವವರು ಮಾಡುವುದೂ ಸಾರದಲ್ಲಿ ಇದನ್ನೇ. ಅವರು ಎಕ್ಸ್-ಡೇಟ್ ದಿನವೇ ಮರುಹೂಡಿಕೆಯಾಯಿತು ಎಂದು ಭಾವಿಸುತ್ತಾರೆ. ನಿಮಗೆ ಹಣ ಬರುವುದು ಅದಾದ ಮೇಲೆ. ಕಾನೂನಿನ ಪ್ರಕಾರ ಡಿವಿಡೆಂಡ್ ಘೋಷಣೆಯಾದ 30 ದಿನಗಳೊಳಗೆ ಕಂಪನಿ ಕೊಟ್ಟು ಮುಗಿಸಬೇಕು. ಅಂತಿಮ ಡಿವಿಡೆಂಡ್ ಆದರೆ ಷೇರುದಾರರ ವಾರ್ಷಿಕ ಸಭೆ ಒಪ್ಪಿದ ಮೇಲೆಯೇ ಅದು ಘೋಷಣೆಯಾದಂತೆ. ಆ ನಡುವಿನ ವಾರಗಳಲ್ಲಿ ಬೆಲೆ ಬದಲಾಗಿರುತ್ತದೆ. ನಿಮ್ಮ ಅಂಕಿ ಸೂಚ್ಯಂಕದ ಅಂಕಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕೆಂದು ಹಟ ಹಿಡಿಯಬೇಡಿ.

ಅಮೆರಿಕ, ಬ್ರಿಟನ್ನಿನಲ್ಲಿರುವ ನಮ್ಮವರು ಅಲ್ಲಿನ ದಲ್ಲಾಳಿ ಖಾತೆಯಲ್ಲಿ ಒಂದು ಗುಂಡಿ ಒತ್ತಿಟ್ಟರೆ ಡಿವಿಡೆಂಡ್ ತಾನಾಗಿಯೇ ಷೇರಾಗುತ್ತದೆ. ಅಮೆರಿಕದಲ್ಲಂತೂ ಷೇರಿನ ತುಣುಕೂ ಖಾತೆಗೆ ಸೇರುತ್ತದೆ. ಇಲ್ಲಿ ಹಾಗಿಲ್ಲ. ಡಿವಿಡೆಂಡ್ ಡಿಮ್ಯಾಟ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ, ದಲ್ಲಾಳಿಯ ಖಾತೆಗಲ್ಲ. ಅಲ್ಲಿಂದ ನೀವೇ ಹಣ ಕಳಿಸಿ ಷೇರು ಕೊಳ್ಳಬೇಕು. ಅದು ಸಂಬಳದ ಖಾತೆಯಾಗಿದ್ದರೆ ಬಂದ 1,300 ರೂಪಾಯಿ ದಿನಸಿ, ಪೆಟ್ರೋಲಿನಲ್ಲಿ ಕರಗಿಹೋಗುತ್ತದೆ. ಮರುಹೂಡಿಕೆ ಮಾಡುತ್ತೇನೆ ಎಂದುಕೊಂಡ ಬಹಳಷ್ಟು ಜನರ ಲೆಕ್ಕ ತಪ್ಪುವುದು ಇಲ್ಲೇ. ಡಿವಿಡೆಂಡಿಗೆಂದೇ ಒಂದು ಉಳಿತಾಯ ಖಾತೆ ಇಟ್ಟು, ಡಿಮ್ಯಾಟ್‌ನಲ್ಲಿ ಅದನ್ನೇ ನಮೂದಿಸಿ, ಆರು ತಿಂಗಳಿಗೊಮ್ಮೆ ಅಲ್ಲಿ ಕೂಡಿದ್ದನ್ನೆಲ್ಲ ಒಟ್ಟಿಗೆ ಹೂಡುವುದು ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಕ್ರಮ. ಚಿಕ್ಕ ಮೊತ್ತಕ್ಕೆ ಪದೇ ಪದೇ ಕೊಳ್ಳುವುದು ತಪ್ಪುತ್ತದೆ, ಎಷ್ಟು ಬಂತು ಎಂಬ ದಾಖಲೆಯೂ ಪಾಸ್‌ಬುಕ್ಕಿನಲ್ಲೇ ಸಿಗುತ್ತದೆ.

ಹಳೆಯ, ಮುಚ್ಚಿದ ಖಾತೆ ನಮೂದಾಗಿದ್ದರೆ ಡಿವಿಡೆಂಡ್ ವಾಪಸ್ ಹೋಗುತ್ತದೆ. ಏಳು ವರ್ಷ ಯಾರೂ ಕೇಳದಿದ್ದರೆ ಆ ಹಣ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಏಳು ವರ್ಷ ಸತತವಾಗಿ ಹಾಗಾದರೆ ಷೇರುಗಳೇ ಅಲ್ಲಿಗೆ ಹೋಗುತ್ತವೆ. ಮರಳಿ ಪಡೆಯಲು IEPF-5 ಎಂಬ ಅರ್ಜಿ ಇದೆ, ಆದರೆ ಕಾಗದಪತ್ರಗಳ ಓಡಾಟ ಬಹಳ. ಮನೆಯ ಹಿರಿಯರ ಹೆಸರಿನ ಷೇರುಗಳನ್ನು ಈ ವಾರವೇ ಒಮ್ಮೆ ನೋಡಿ.

ಯೀಲ್ಡ್ ಎಂಬ ಅಂಕಿಯ ಒಳಗೆ ಏನಿದೆ

ಒಂದು ವರ್ಷದ ಡಿವಿಡೆಂಡನ್ನು ಇಂದಿನ ಬೆಲೆಯಿಂದ ಭಾಗಿಸಿದರೆ ಡಿವಿಡೆಂಡ್ ಯೀಲ್ಡ್. ಭಾಗಾಕಾರ ಸುಲಭ. ಮೇಲೆ ಯಾವ ಅಂಕಿ ಇಟ್ಟಿದ್ದಾರೆ, ಕೆಳಗೆ ಯಾವ ಅಂಕಿ ಇಟ್ಟಿದ್ದಾರೆ ಎಂಬುದರಲ್ಲಿ ಎಲ್ಲವೂ ಇದೆ.

ಮೊದಲು ಮೇಲಿನ ಅಂಕಿ. ನಮ್ಮ ಕಂಪನಿಗಳು ಡಿವಿಡೆಂಡನ್ನು ಮುಖಬೆಲೆಯ, ಅಂದರೆ ಪೇಟೆಯ ಬೆಲೆಯಲ್ಲದೆ ಷೇರಿಗೆ ಕಂಪನಿ ಇಟ್ಟ ಮೂಲ ಬೆಲೆಯ, ಶೇಕಡಾವಾರು ಲೆಕ್ಕದಲ್ಲಿ ಹೇಳುವ ರೂಢಿ ಇನ್ನೂ ಇದೆ. ಬೆಂಗಳೂರಿನ ಇನ್ಫೋಸಿಸ್ 2023-24ರ ಸಾಲಿಗೆ 20 ರೂಪಾಯಿ ಅಂತಿಮ ಡಿವಿಡೆಂಡ್, ಜೊತೆಗೆ 8 ರೂಪಾಯಿ ವಿಶೇಷ ಡಿವಿಡೆಂಡ್ ಕೊಟ್ಟಿತು. ಷೇರಿನ ಮುಖಬೆಲೆ 5 ರೂಪಾಯಿ. 28 ರೂಪಾಯಿ ಅಂದರೆ ಮುಖಬೆಲೆಯ ಶೇ. 560! ಆದರೆ ಪೇಟೆಯಲ್ಲಿ ಸಾವಿರ ದಾಟಿದ ಬೆಲೆ ಕೊಟ್ಟವರಿಗೆ ಆ 28 ರೂಪಾಯಿ ಶೇ. 3ಕ್ಕಿಂತಲೂ ಕಡಿಮೆ. ಶೇಕಡಾವಾರು ಡಿವಿಡೆಂಡ್ ಕಂಡ ಕೂಡಲೇ ಅದನ್ನು ರೂಪಾಯಿಗೆ ಇಳಿಸಿ, ಆಮೇಲೆ ಪೇಟೆಯ ಬೆಲೆಯಿಂದ ಭಾಗಿಸಿ. ಇದೇ ಉದಾಹರಣೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಆ 8 ರೂಪಾಯಿ ವಿಶೇಷ ಡಿವಿಡೆಂಡ್, ಪ್ರತಿ ವರ್ಷ ಬರುವಂಥದ್ದಲ್ಲ. ಕಳೆದ ಹನ್ನೆರಡು ತಿಂಗಳ ಡಿವಿಡೆಂಡನ್ನು ಕಣ್ಣುಮುಚ್ಚಿ ಕೂಡಿಸುವ ಜಾಲತಾಣಗಳು ಇದನ್ನೂ ಸೇರಿಸಿ ಯೀಲ್ಡ್ ತೋರಿಸುತ್ತವೆ. ಒಟ್ಟು ಪ್ರತಿಫಲದ ಲೆಕ್ಕಕ್ಕೆ ವಿಶೇಷ ಡಿವಿಡೆಂಡ್ ಸೇರಲೇಬೇಕು, ಏಕೆಂದರೆ ಹಣ ಬಂದಿದೆ. ಮುಂದಿನ ವರ್ಷದ ಅಂದಾಜಿಗೆ ಮಾತ್ರ ಸೇರಬಾರದು.

ಇನ್ನು ಕೆಳಗಿನ ಅಂಕಿ, ಬೆಲೆ. ಬೆಲೆ ಬಿದ್ದರೆ ಯೀಲ್ಡ್ ಏರುತ್ತದೆ. ಇದು ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಮತ್ತೆ ಕೋಲ್ ಇಂಡಿಯಾದ ಕಡೆಗೇ ಹೋಗೋಣ, ಏಕೆಂದರೆ ಅಷ್ಟು ಚೊಕ್ಕವಾದ ಪಾಠ ಬೇರೆ ಕಡೆ ಸಿಗುವುದು ಕಷ್ಟ.

2014ರ ಜನವರಿಯಲ್ಲಿ ಕಂಪನಿ ಷೇರಿಗೆ 29 ರೂಪಾಯಿ ಮಧ್ಯಂತರ ಡಿವಿಡೆಂಡ್ ಕೊಟ್ಟಿತು. ಒಟ್ಟು ಮೊತ್ತ 18,000 ಕೋಟಿ ರೂಪಾಯಿಗೂ ಹೆಚ್ಚು. ಆಗ ಕಂಪನಿಯ ಶೇ. 90ರಷ್ಟು ಪಾಲು ಕೇಂದ್ರ ಸರ್ಕಾರದ್ದು, ಅಂದರೆ ಹಣದ ಬಹುಪಾಲು ಖಜಾನೆಗೆ ಹೋಯಿತು. ಅದು ಆ ಒಂದೇ ವರ್ಷದ ದುಡಿಮೆಯಲ್ಲ, ವರ್ಷಗಳಿಂದ ಕೂಡಿಟ್ಟ ಹಣದ ಹಂಚಿಕೆಯೂ ಅದರಲ್ಲಿತ್ತು. 2015-16ರ ಸಾಲಿಗೆ ಮತ್ತೆ 27.40 ರೂಪಾಯಿ ಬಂತು. 2016ರ ಮಾರ್ಚ್ ಕೊನೆಯಲ್ಲಿ ಷೇರಿನ ಬೆಲೆ 290ರ ಆಸುಪಾಸು ಇತ್ತು, ಯೀಲ್ಡ್ ಶೇ. 9.4. ಬ್ಯಾಂಕ್ ಠೇವಣಿಗಿಂತ ಹೆಚ್ಚು, ಅದೂ ಸರ್ಕಾರಿ ಕಂಪನಿ ಎಂದು ಕೊಂಡವರನ್ನು ಊಹಿಸಿಕೊಳ್ಳಿ.

ಮುಂದಿನ ನಾಲ್ಕು ವರ್ಷ ಅವರಿಗೆ ಬಂದದ್ದು 19.90, 16.50, 13.10, ಕೊನೆಗೆ 12 ರೂಪಾಯಿ. 2020ರ ಮಾರ್ಚ್ ಕೊನೆಯಲ್ಲಿ ಬೆಲೆ ಸುಮಾರು 140. ಈಗ ಯೀಲ್ಡ್ ಲೆಕ್ಕ ಹಾಕಿ: 12ನ್ನು 140ರಿಂದ ಭಾಗಿಸಿದರೆ ಶೇ. 8.6. ನಾಲ್ಕು ವರ್ಷದ ಹಿಂದೆ 9.4, ಈಗ 8.6. ಪರದೆಯ ಮೇಲೆ ಈ ಎರಡೇ ಅಂಕಿ ನೋಡಿದವರಿಗೆ ಏನೂ ಆಗಿಲ್ಲ ಎನ್ನಿಸುತ್ತದೆ. ಆಗಿದ್ದೇನು? ಡಿವಿಡೆಂಡ್ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಬೆಲೆಯೂ ಅರ್ಧಕ್ಕೆ ಬಂದಿದೆ. ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಜೊತೆಜೊತೆಗೆ ಕುಸಿದಾಗ ಭಾಗಾಕಾರದ ಉತ್ತರ ಅಲುಗಾಡುವುದಿಲ್ಲ. 290 ಹಾಕಿದವರಿಗೆ ನಾಲ್ಕು ವರ್ಷದಲ್ಲಿ 61.50 ಡಿವಿಡೆಂಡ್ ಬಂದು, 140ರ ಷೇರು ಉಳಿಯಿತು. ಒಟ್ಟು 201.50. ಯೀಲ್ಡ್ 9ರ ಮೇಲಿದ್ದ ಷೇರಿನಲ್ಲಿ ಒಟ್ಟು ಪ್ರತಿಫಲ ಶೇ. 30ರಷ್ಟು ನಷ್ಟ.

ಇದನ್ನು ಮುಂಚೆಯೇ ಗುರುತಿಸುವ ದಾರಿ ಇದೆಯೇ? ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಮಟ್ಟಿಗೆ ಇದೆ. ಡಿವಿಡೆಂಡನ್ನು ಅದೇ ವರ್ಷದ ಪ್ರತಿ ಷೇರಿನ ಲಾಭದ ಪಕ್ಕದಲ್ಲಿ ಇಟ್ಟು ನೋಡಿ. ಗಳಿಸಿದ್ದಕ್ಕಿಂತ ಹೆಚ್ಚು, ಅಥವಾ ಗಳಿಸಿದ್ದನ್ನೆಲ್ಲ ಹಂಚುತ್ತಿದ್ದರೆ ಅದು ಕಣಜದ ಕಾಳು ತೆಗೆದು ಉಣ್ಣುತ್ತಿರುವ ಮನೆ. ಕಣಜ ದೊಡ್ಡದಿದ್ದರೆ ಕೆಲವು ವರ್ಷ ನಡೆಯುತ್ತದೆ. ಹಾಗೆಯೇ ಒಂದು ವರ್ಷದ ಯೀಲ್ಡ್ ಬದಲು ಐದಾರು ವರ್ಷಗಳ ಡಿವಿಡೆಂಡನ್ನು ರೂಪಾಯಿ ಲೆಕ್ಕದಲ್ಲಿ ಸಾಲಾಗಿ ಬರೆದುಕೊಳ್ಳಿ. 27.40, 19.90, 16.50 ಎಂದು ಸಾಲು ಇಳಿಯುತ್ತಿರುವುದು ಕಣ್ಣಿಗೆ ರಾಚುತ್ತದೆ. ಶೇಕಡಾವಾರು ಅಂಕಿಯಲ್ಲಿ ಅದು ಅಡಗಿರುತ್ತದೆ.

ಕೆಲವರು ತಾವು ಹಿಂದೆ ಕೊಂಡ ಬೆಲೆಯಿಂದ ಭಾಗಿಸಿ, ನನಗೆ ಈಗ ಶೇ. 20 ಯೀಲ್ಡ್ ಬರುತ್ತಿದೆ ಎನ್ನುತ್ತಾರೆ. ಹದಿನೈದು ವರ್ಷದ ಹಿಂದೆ 60 ರೂಪಾಯಿಗೆ ಕೊಂಡು ಈಗ 12 ರೂಪಾಯಿ ಡಿವಿಡೆಂಡ್ ಪಡೆದರೆ ಹಾಗೆ ಕಾಣುತ್ತದೆ. ಆದರೆ ಷೇರಿನ ಬೆಲೆ ಈಗ 600 ಆಗಿದ್ದರೆ ನಿಮ್ಮ 600 ರೂಪಾಯಿ ದುಡಿಯುತ್ತಿರುವುದು ಶೇ. 2ಕ್ಕೆ. ಇಟ್ಟುಕೊಳ್ಳಬೇಕೇ, ಮಾರಿ ಬೇರೆ ಕಡೆ ಹಾಕಬೇಕೇ ಎಂಬ ತೀರ್ಮಾನಕ್ಕೆ ಬೇಕಾದದ್ದು ಈ ಎರಡನೆಯ ಅಂಕಿ.

ಸೂಚ್ಯಂಕಕ್ಕೂ ಎರಡು ಮುಖ

ಸುದ್ದಿಯಲ್ಲಿ ಕೇಳುವ ನಿಫ್ಟಿ, ಸೆನ್ಸೆಕ್ಸ್ ಎರಡೂ ಬೆಲೆಯ ಸೂಚ್ಯಂಕಗಳು. ಡಿವಿಡೆಂಡ್ ಅವುಗಳಲ್ಲಿ ಇಲ್ಲ. ಜರ್ಮನಿಯ ಡ್ಯಾಕ್ಸ್ ಹಾಗಲ್ಲ, ಸುದ್ದಿಯಲ್ಲಿ ಬರುವ ಅದರ ಅಂಕಿಯಲ್ಲೇ ಡಿವಿಡೆಂಡಿನ ಮರುಹೂಡಿಕೆ ಸೇರಿರುತ್ತದೆ. ನಿಫ್ಟಿಯನ್ನೂ ಡ್ಯಾಕ್ಸನ್ನೂ ಪಕ್ಕಪಕ್ಕದಲ್ಲಿಟ್ಟು ಯಾವ ದೇಶದ ಪೇಟೆ ಎಷ್ಟು ಏರಿತು ಎಂದು ಹೋಲಿಸುವವರು ಈ ಭೇದವನ್ನು ಗಮನಿಸುವುದಿಲ್ಲ.

ನಿಫ್ಟಿಯದೇ ಇನ್ನೊಂದು ಮುಖ ನಿಫ್ಟಿ 50 ಟಿಆರ್‌ಐ, ಡಿವಿಡೆಂಡ್ ಮರುಹೂಡಿದ ಲೆಕ್ಕ. 1999ರ ಜೂನ್ ಕೊನೆಯಲ್ಲಿ ಎರಡೂ ಒಂದೇ ಅಂಕಿಯಿಂದ ಹೊರಟವು. ಇಂದು ಟಿಆರ್‌ಐ ಸಾಮಾನ್ಯ ನಿಫ್ಟಿಯ ಸುಮಾರು ಒಂದೂವರೆ ಪಟ್ಟು ಇದೆ. ಕಾಲು ಶತಮಾನದಲ್ಲಿ ಈ ಅಂತರ ಹುಟ್ಟಿದ್ದು ವರ್ಷಕ್ಕೆ ಒಂದೂವರೆ ಶೇಕಡಾದ ಆಸುಪಾಸಿನ ಡಿವಿಡೆಂಡಿನಿಂದ. ಎರಡನ್ನೂ ಎನ್‌ಎಸ್‌ಇಯ ಸೂಚ್ಯಂಕಗಳ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಇದರಿಂದ ಯಾರಿಗೆ ಏನು ಎಂದರೆ, ಮ್ಯೂಚುವಲ್ ಫಂಡಿಗೆ ಸಂಬಂಧವಿದೆ. ಫಂಡಿನ ಗ್ರೋತ್ ಆಯ್ಕೆಯಲ್ಲಿ ಕಂಪನಿಗಳಿಂದ ಬಂದ ಡಿವಿಡೆಂಡ್ ಫಂಡಿನೊಳಗೇ ಉಳಿದು ಮತ್ತೆ ಹೂಡಿಕೆಯಾಗುತ್ತದೆ. ಅಂದರೆ ಫಂಡಿನ ಒಂದು ಯೂನಿಟ್ಟಿನ ಮೌಲ್ಯವಾದ ಎನ್‌ಎವಿ ಒಂದು ಒಟ್ಟು ಪ್ರತಿಫಲದ ಅಂಕಿ. ಅದನ್ನು ಬೆಲೆಯ ನಿಫ್ಟಿಯೊಡನೆ ಹೋಲಿಸಿದರೆ ಫಂಡ್ ಏನೂ ಮಾಡದೆಯೇ ವರ್ಷಕ್ಕೆ ಒಂದು, ಒಂದೂವರೆ ಶೇಕಡಾ ಮುಂದಿದ್ದಂತೆ ಕಾಣುತ್ತದೆ. ಬಹಳ ವರ್ಷ ಜಾಹೀರಾತುಗಳು ಹಾಗೆಯೇ ಬರುತ್ತಿದ್ದವು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2018ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ, ಫೆಬ್ರವರಿ 1ರಿಂದ ಫಂಡುಗಳು ಟಿಆರ್‌ಐ ಜೊತೆಗೇ ಹೋಲಿಸಿಕೊಳ್ಳಬೇಕು ಎಂದಿತು. ಅಂದಿನಿಂದ ಹಲವು ಫಂಡುಗಳ ಮುನ್ನಡೆ ಕಿರಿದಾಯಿತು. ಫಂಡುಗಳ ಡಿವಿಡೆಂಡ್ ಆಯ್ಕೆಯ ಹೆಸರನ್ನೂ 2021ರ ಏಪ್ರಿಲ್‌ನಿಂದ ಸೆಬಿ ಬದಲಿಸಿತು. ಈಗ ಅರ್ಜಿಯಲ್ಲಿ IDCW ಎಂದಿರುತ್ತದೆ, ಆದಾಯ ಹಂಚಿಕೆಯ ಜೊತೆಗೆ ಬಂಡವಾಳದ ವಾಪಸಾತಿ ಎಂದು ಅರ್ಥ. ನಿಮ್ಮ ಹಣವನ್ನೇ ನಿಮಗೆ ಕೊಡುತ್ತಿದ್ದಾರೆ ಎಂಬುದು ಹೆಸರಿನಲ್ಲೇ ಬಂತು. ಅದರಲ್ಲಿ ಮರುಹೂಡಿಕೆಯ ಆಯ್ಕೆ ತೆಗೆದುಕೊಂಡವರಿಗೆ ಕೈಗೆ ಒಂದು ರೂಪಾಯಿಯೂ ಬಾರದಿದ್ದರೂ ಆ ಮೊತ್ತದ ಮೇಲೆ ತೆರಿಗೆ ಬೀಳುತ್ತದೆ. ಮರುಹೂಡಿಕೆಯೇ ಉದ್ದೇಶವಾದರೆ ಗ್ರೋತ್ ಆಯ್ಕೆಯೇ ಸರಿ.

ತೆರಿಗೆ ತೆಗೆದ ಮೇಲೆ ಉಳಿಯುವುದು

2020ರ ಮಾರ್ಚ್ ತನಕ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟಿ ಉಳಿದದ್ದನ್ನು ಹಂಚುತ್ತಿತ್ತು. ಆ ಏಪ್ರಿಲ್‌ನಿಂದ ಪೂರ್ತಿ ಡಿವಿಡೆಂಡ್ ಷೇರುದಾರರ ಆದಾಯಕ್ಕೆ ಸೇರಿ, ಅವರವರ ತೆರಿಗೆ ದರಕ್ಕೆ ಒಳಪಡುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇ. 10 ಟಿಡಿಎಸ್ ಹಿಡಿಯುತ್ತಾರೆ. 2025ರ ಮಾರ್ಚ್ ತನಕ ಈ ಮಿತಿ 5,000 ಇತ್ತು. ಮಿತಿಗಿಂತ ಕಡಿಮೆ ಬಂದರೆ ಟಿಡಿಎಸ್ ಇಲ್ಲ, ತೆರಿಗೆ ಇಲ್ಲವೆಂದಲ್ಲ. ಹತ್ತು ಕಂಪನಿಗಳಿಂದ ನಾಲ್ಕು ನಾಲ್ಕು ಸಾವಿರ ಬಂದರೆ 40,000 ರೂಪಾಯಿಯನ್ನು ರಿಟರ್ನ್ಸ್‌ನಲ್ಲಿ ನೀವೇ ತೋರಿಸಬೇಕು. ಇಲಾಖೆಯ ಎಐಎಸ್ ಪಟ್ಟಿಯಲ್ಲಿ ಅದು ಹೇಗೂ ಇರುತ್ತದೆ.

ಮೊದಲಿನ 500 ಷೇರಿನ ಲೆಕ್ಕಕ್ಕೆ ಮರಳಿ. ಶೇ. 30ರ ದರದಲ್ಲಿರುವವರಿಗೆ ಸೆಸ್ ಸೇರಿ 31.2 ಹೋಗುತ್ತದೆ. 10 ರೂಪಾಯಿ ಡಿವಿಡೆಂಡಿನಲ್ಲಿ ಮರುಹೂಡಲು ಉಳಿಯುವುದು 6.88, 12 ರೂಪಾಯಿಯಲ್ಲಿ ಸುಮಾರು 8.26. ಅದೇ ಗುಣಾಕಾರ ಮಾಡಿದರೆ 1.1254 ಬರುತ್ತದೆ. ಶೇ. 18.5 ಇದ್ದದ್ದು 12.5 ಆಯಿತು, ವರ್ಷಕ್ಕೆ 5.8 ಇದ್ದದ್ದು 4. ಇದೇ ಹಣವನ್ನು ಕಂಪನಿ ಹಂಚದೆ ತನ್ನೊಳಗೇ ಲಾಭಕರವಾಗಿ ತೊಡಗಿಸಿ, ಬೆಲೆ ಅಷ್ಟು ಏರಿದ್ದರೆ ತೆರಿಗೆ ಬೀಳುವುದು ಮಾರಿದಾಗ. ವರ್ಷ ಮೀರಿ ಇಟ್ಟುಕೊಂಡ ಷೇರಿಗೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭದ ಮೇಲೆ ಶೇ. 12.5 ಮಾತ್ರ. ಹೆಚ್ಚು ತೆರಿಗೆ ದರದಲ್ಲಿದ್ದು, ಖರ್ಚಿಗೆ ಈ ಹಣ ಬೇಡದವರು ಹೆಚ್ಚು ಯೀಲ್ಡ್ ಇರುವ ಷೇರುಗಳನ್ನೇ ಹುಡುಕಿಕೊಂಡು ಹೋಗುವುದಕ್ಕೆ ನಮಗೆ ಕಾರಣ ಕಾಣುವುದಿಲ್ಲ. ತೆರಿಗೆಯ ಮಿತಿಯೊಳಗೇ ಆದಾಯವಿರುವ ನಿವೃತ್ತರ ಮಾತು ಬೇರೆ, ಅವರಿಗೆ ಆ 10 ರೂಪಾಯಿ 10 ರೂಪಾಯಿಯಾಗಿಯೇ ಉಳಿಯುತ್ತದೆ.

ನಿಮ್ಮದೇ ಷೇರಿಗೆ ಲೆಕ್ಕ ಹಾಕುವಾಗ

ಡಿವಿಡೆಂಡನ್ನು ಖರ್ಚು ಮಾಡಿದ್ದರೂ ಒಟ್ಟು ಪ್ರತಿಫಲ ತಿಳಿಯಬಹುದು. ಸ್ಪ್ರೆಡ್‌ಶೀಟಿನಲ್ಲಿ ದಿನಾಂಕ ಒಂದು ಕಾಲಂ, ಮೊತ್ತ ಒಂದು ಕಾಲಂ. ಹಾಕಿದ ಹಣಕ್ಕೆ ಕಳೆ ಚಿಹ್ನೆ, ಬಂದದ್ದಕ್ಕೆ ಇಲ್ಲ. ಕೊನೆಯ ಸಾಲಿನಲ್ಲಿ ಷೇರುಗಳ ಇಂದಿನ ಬೆಲೆಯನ್ನು ಮಾರಿದಂತೆಯೇ ಸೇರಿಸಿ. ಮೊದಲಿನ 500 ಷೇರಿನ ಡಿವಿಡೆಂಡನ್ನು ಮರುಹೂಡದಿದ್ದರೆ ಪಟ್ಟಿ ಹೀಗಿರುತ್ತದೆ, ಕೊನೆಯ ಸೂತ್ರ ವರ್ಷದ ಪ್ರತಿಫಲವನ್ನು ಕೊಡುತ್ತದೆ.

```
2021-04-01   -100000
2022-04-01      5000
2023-04-01      5000
2024-04-01    106000
=XIRR(B1:B4, A1:A4)
```

ಉತ್ತರ ಶೇ. 5.3ರ ಹತ್ತಿರ. ಮರುಹೂಡಿದಾಗ 5.8 ಇತ್ತು. ಎರಡೂ ಸರಿಯೇ, ಎರಡು ಬೇರೆ ಪ್ರಶ್ನೆಗಳ ಉತ್ತರ ಅಷ್ಟೆ. ಮರುಹೂಡಿದವರು ಮಧ್ಯದ ಡಿವಿಡೆಂಡನ್ನು ಈ ಪಟ್ಟಿಗೆ ಸೇರಿಸಬಾರದು. ಆ ಹಣ ಷೇರಾಗಿ ಕೊನೆಯ ಸಾಲಿನಲ್ಲಿ ಬಂದೇ ಬರುತ್ತದೆ, ಸೇರಿಸಿದರೆ ಒಂದೇ ರೂಪಾಯಿಯನ್ನು ಎರಡು ಸಲ ಎಣಿಸಿದಂತೆ.

ಇಂಥದೇ ತಪ್ಪು ಜಾಲತಾಣದ ಬೆಲೆ ಬಳಸುವಾಗಲೂ ಆಗುತ್ತದೆ. ಯಾಹೂ ಫೈನಾನ್ಸಿನ ಹಳೆಯ ಬೆಲೆಗಳ ಪಟ್ಟಿಯಲ್ಲಿ `Close` ಮತ್ತು `Adj Close` ಎಂಬ ಎರಡು ಕಾಲಂ ಇರುತ್ತವೆ. ಮೊದಲನೆಯದು ಷೇರು ವಿಭಜನೆಗೆ ಮಾತ್ರ ಹೊಂದಿಸಿದ ಬೆಲೆ. ಎರಡನೆಯದರಲ್ಲಿ ಡಿವಿಡೆಂಡನ್ನೂ ಹಿಂದಿನ ಬೆಲೆಗಳಿಂದ ಕಳೆದು ಹೊಂದಿಸಿರುತ್ತಾರೆ. `Adj Close` ತೆಗೆದುಕೊಂಡು ಎರಡು ದಿನಾಂಕಗಳ ಅನುಪಾತ ನೋಡಿದರೆ ಅದೇ ಒಟ್ಟು ಪ್ರತಿಫಲ. ಅದರ ಮೇಲೆ ಮತ್ತೆ ಯೀಲ್ಡ್ ಕೂಡಿಸಬೇಡಿ. ಇನ್ನೊಂದು ಅಪಾಯ ಬೋನಸ್ ಷೇರಿನದು. ಒಂದಕ್ಕೊಂದು ಬೋನಸ್ ಕೊಟ್ಟ ಮೇಲೆ ಹಳೆಯ 400ರ ಬೆಲೆಯನ್ನು 200 ಎಂದು ತೋರಿಸುತ್ತಾರೆ. ಅಂದಿನ 20 ರೂಪಾಯಿ ಡಿವಿಡೆಂಡನ್ನು ನೀವು ವಾರ್ಷಿಕ ವರದಿಯಿಂದ ಹಾಗೆಯೇ ಎತ್ತಿಕೊಂಡರೆ ಶೇ. 5 ಇದ್ದ ಯೀಲ್ಡ್ ಶೇ. 10 ಆಗಿಬಿಡುತ್ತದೆ. ಬೆಲೆಯನ್ನು ಅರ್ಧ ಮಾಡಿದ್ದರೆ ಡಿವಿಡೆಂಡನ್ನೂ ಅರ್ಧ ಮಾಡಬೇಕು. ಉತ್ತರ ನಂಬಲಾಗದಷ್ಟು ಚೆನ್ನಾಗಿ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಈಗ ಆರಂಭದ ಪ್ರಶ್ನೆ. 245ಕ್ಕೆ ಕೊಂಡ ಕೋಲ್ ಇಂಡಿಯಾ, 2022ರ ಕೊನೆಗೆ. ಬೆಲೆಯ ಲೆಕ್ಕದಲ್ಲಿ ಶೇ. 8 ನಷ್ಟ. ಡಿವಿಡೆಂಡ್ ಸೇರಿಸಿದರೆ, ತೆರಿಗೆಗೆ ಮುಂಚೆ, ವರ್ಷಕ್ಕೆ ಶೇ. 6ರಿಂದ 7ರ ನಡುವಿನ ಪ್ರತಿಫಲ. ಖಂಡಿತ ನಷ್ಟವಲ್ಲ. ಆದರೆ ಅದೇ ಅವಧಿಯಲ್ಲಿ ನಿಫ್ಟಿ 6,300ರ ಆಸುಪಾಸಿನಿಂದ 18,100ಕ್ಕೆ ಬಂದಿತ್ತು, ಬೆಲೆಯಲ್ಲೇ ವರ್ಷಕ್ಕೆ ಶೇ. 9, ಡಿವಿಡೆಂಡ್ ಸೇರಿ 10ರ ಮೇಲೆ. ಕೈತುಂಬ ಡಿವಿಡೆಂಡ್ ಕೊಟ್ಟ ಷೇರು, ಕಡಿಮೆ ಡಿವಿಡೆಂಡ್ ಕೊಟ್ಟ ಸೂಚ್ಯಂಕಕ್ಕಿಂತ ಹಿಂದೆ ಉಳಿಯಿತು.

ಅಳತೆಯನ್ನು ಒಂದೇ ವರ್ಷ ಮುಂದಕ್ಕೆ ಒಯ್ದರೆ ಚಿತ್ರ ಮತ್ತೆ ಬದಲು. 2023ರ ಕೊನೆಗೆ ಆ ಷೇರು 370 ದಾಟಿತ್ತು. 2020 ಮತ್ತು 2021ರಲ್ಲಿ, ಬೆಲೆ 120, 150 ಎಂದು ಯಾರಿಗೂ ಬೇಡವಾಗಿದ್ದಾಗ ಡಿವಿಡೆಂಡಿನಿಂದ ಕೊಂಡ ಷೇರುಗಳು ಎರಡು ಪಟ್ಟಿಗಿಂತ ಹೆಚ್ಚಾಗಿದ್ದವು. 245ರಿಂದ ಲೆಕ್ಕ ಹಾಕಿದ ಒಟ್ಟು ಪ್ರತಿಫಲ ವರ್ಷಕ್ಕೆ ಶೇ. 10ರ ಆಸುಪಾಸಿಗೆ ಏರಿತು. ಆದ್ದರಿಂದ ಯಾರಾದರೂ ನಿಮಗೆ ಪ್ರತಿಫಲದ ಅಂಕಿ ಹೇಳಿದರೆ, ಡಿವಿಡೆಂಡ್ ಸೇರಿದೆಯೇ ಎಂದು ಕೇಳುವ ಜೊತೆಗೆ ಯಾವ ದಿನದಿಂದ ಯಾವ ದಿನಕ್ಕೆ ಎಂದೂ ಕೇಳಿ.